ಬಾಡಿಗೆ ಕರಾರು ತಾನಾಗಿ ನವೀಕರಣ ಆಗದಂತೆ ತಡೆಯುವುದು ಹೇಗೆ?

"ನಮ್ಮ ಆಫೀಸಿನ ಬಾಡಿಗೆ ಕರಾರು ಮೂರು ವರ್ಷದ್ದು, 2023ರ ಮೇ 15ಕ್ಕೆ ಶುರುವಾಗಿ 2026ರ ಮೇ 14ಕ್ಕೆ ಮುಗಿಯುತ್ತದೆ. ಮುಗಿಯುವುದಕ್ಕೆ 90 ದಿನಕ್ಕಿಂತ ಕಡಿಮೆ ಇಲ್ಲದಂತೆ, 180 ದಿನಕ್ಕಿಂತ ಹೆಚ್ಚಿಲ್ಲದಂತೆ ಲಿಖಿತ ನೋಟಿಸ್ ಕೊಡದಿದ್ದರೆ ಒಂದೊಂದು ವರ್ಷದಂತೆ ಮುಂದುವರಿಯುತ್ತಲೇ ಇರುತ್ತದೆ ಅಂತ ಬರೆದಿದೆ. ನಮಗೆ ಬೇಡ. ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಹೇಳಿದ್ದೇನೆ. ಮೂರು ತಿಂಗಳ ಮುಂಚೆ, ಅಂದರೆ ಫೆಬ್ರವರಿ 14ಕ್ಕೆ ಪತ್ರ ಕಳಿಸಿದರೆ ಸಾಕಲ್ಲವಾ?"

ಸಾಲದು. ಫೆಬ್ರವರಿ 14 ಅಂದರೆ ಒಂದು ದಿನ ತಡ.

90 ದಿನ ಬೇರೆ, ಮೂರು ತಿಂಗಳು ಬೇರೆ. ಮೇ 14ರಿಂದ ಹಿಂದಕ್ಕೆ ಎಣಿಸಿ ನೋಡಿ: 14 ದಿನ ಹಿಂದೆ ಹೋದರೆ ಏಪ್ರಿಲ್ 30, ಇನ್ನೂ 30 ದಿನಕ್ಕೆ ಮಾರ್ಚ್ 31, ಇನ್ನೂ 31 ದಿನಕ್ಕೆ ಫೆಬ್ರವರಿ 28. ಇಲ್ಲಿಗೆ 75 ದಿನವಾಯಿತು. ಉಳಿದ 15 ಕಳೆದರೆ ಸಿಗುವುದು ಫೆಬ್ರವರಿ 13. ಹದಿನಾಲ್ಕಕ್ಕೆ ಕೊಟ್ಟ ನೋಟಿಸಿಗೆ 89 ದಿನವಷ್ಟೇ ಇರುತ್ತದೆ. ಆ ಒಂದು ದಿನಕ್ಕೆ ನೀವು ಇನ್ನೊಂದು ಇಡೀ ವರ್ಷದ ಬಾಡಿಗೆಗೆ ಸಿಕ್ಕಿಬೀಳಬಹುದು. ಕರಾರಿನಲ್ಲಿ "ಪೂರ್ಣ 90 ದಿನ" ಎಂದಿದ್ದರೆ ಎರಡು ತುದಿಯ ದಿನಗಳೂ ಲೆಕ್ಕಕ್ಕೆ ಬರುವುದಿಲ್ಲ ಎಂಬ ವಾದ ಏಳುತ್ತದೆ, ಆಗ ಇನ್ನೂ ಒಂದು ದಿನ ಹಿಂದಕ್ಕೆ ಹೋಗಬೇಕು.

ಇದು ನೋಟಿಸ್ ಕಳಿಸುವ ದಿನವೋ, ತಲುಪುವ ದಿನವೋ ಎನ್ನುವುದು ಮುಂದಿನ ಪ್ರಶ್ನೆ. ಅದರ ಉತ್ತರ ನವೀಕರಣದ ಷರತ್ತಿನಲ್ಲಿ ಇರುವುದಿಲ್ಲ. ಕರಾರಿನ ಕೊನೆಯ ಪುಟಗಳಲ್ಲಿ "ನೋಟಿಸುಗಳು" ಅನ್ನುವ ತಲೆಬರಹದ ಕೆಳಗೆ, ಯಾರೂ ಓದದ ಜಾಗದಲ್ಲಿ ಇರುತ್ತದೆ. ನೋಟಿಸ್ ಯಾವ ವಿಧಾನದಲ್ಲಿ, ಯಾವ ವಿಳಾಸಕ್ಕೆ ಹೋಗಬೇಕು, ಯಾವಾಗ ತಲುಪಿದಂತೆ ಭಾವಿಸಬೇಕು ಎಂಬ ಮೂರೂ ಅಲ್ಲೇ ಬರೆದಿರುತ್ತದೆ. ಉದಾಹರಣೆಗೆ, "ಅಂಚೆಗೆ ಹಾಕಿದ ಐದು ಕೆಲಸದ ದಿನಗಳ ನಂತರ ತಲುಪಿದಂತೆ" ಎಂದಿದೆ ಅಂದುಕೊಳ್ಳಿ. ಫೆಬ್ರವರಿ 13 ಶುಕ್ರವಾರ. ಅದಕ್ಕೆ ತಲುಪಬೇಕಾದರೆ ಹಿಂದಿನ ಶುಕ್ರವಾರ, ಅಂದರೆ 6ಕ್ಕೇ ಅಂಚೆಗೆ ಬೀಳಬೇಕು. ನಡುವೆ ಒಂದು ರಜೆ ಬಂದರೆ 5ಕ್ಕೆ. ಮಾಲೀಕರ ಕೈಗೆ ಮರುದಿನವೇ ಸಿಕ್ಕಿದ್ದರೂ ಕರಾರಿನ ಲೆಕ್ಕವೇ ನಡೆಯುತ್ತದೆ ಎಂದು ಅವರು ವಾದಿಸಬಹುದು.

ವಾಟ್ಸಾಪ್ ಸಂದೇಶವನ್ನು ನಂಬಬೇಡಿ. ನೋಟಿಸಿನ ಷರತ್ತಿನಲ್ಲಿ ಅಂಚೆ ಮತ್ತು ಕೈಯಾರೆ ಕೊಡುವುದು ಎಂದಷ್ಟೇ ಇದ್ದರೆ, ಮಾಲೀಕರು "ಆಯ್ತು" ಎಂದು ಉತ್ತರಿಸಿದ್ದರೂ ಅದು ನೋಟಿಸ್ ಅಲ್ಲ ಎಂದು ಆಮೇಲೆ ಹೇಳಲು ದಾರಿ ಇರುತ್ತದೆ. ನೀವು ಆ ಸಂದೇಶವನ್ನು ಯಾವತ್ತು ಕಳಿಸಿದ್ದೀರಿ ಎನ್ನುವುದೂ ಮುಖ್ಯ. 180 ದಿನ ಹಿಂದಕ್ಕೆ ಎಣಿಸಿದರೆ 2025ರ ನವೆಂಬರ್ 15. ಅದಕ್ಕಿಂತ ಮೊದಲು ಕೊಟ್ಟದ್ದು ಅವಧಿಗೆ ಮುಂಚಿನ ನೋಟಿಸ್ ಆಗುತ್ತದೆ. ಮುಂಚೆ ಕೊಟ್ಟರೆ ಒಳ್ಳೆಯದೇ ಅಲ್ಲವಾ ಅಂತ ಎಲ್ಲರಿಗೂ ಅನ್ನಿಸುತ್ತದೆ, ಆದರೆ ಇಂಥ ಷರತ್ತಿಗೆ ಎರಡು ಬಾಗಿಲು: ಒಂದು ತೆರೆಯುವ ದಿನ, ಒಂದು ಮುಚ್ಚುವ ದಿನ. ತೆರೆಯುವ ಮೊದಲು ಕೊಟ್ಟಿದ್ದರೆ ತೆರೆದ ಮೇಲೆ ಮತ್ತೊಮ್ಮೆ ಕೊಡಿ. ಎರಡು ಸಲ ಕೊಟ್ಟರೆ ಏನೂ ನಷ್ಟವಿಲ್ಲ. ನಾನಾಗಿದ್ದರೆ ಡಿಸೆಂಬರ್ ಮೊದಲ ವಾರದಲ್ಲಿ ಕಳಿಸುತ್ತೇನೆ. ವಿಳಾಸ ತಪ್ಪಿ ವಾಪಸ್ ಬಂದರೂ ಮತ್ತೆ ಕಳಿಸಲು ಎರಡು ತಿಂಗಳು ಕೈಯಲ್ಲಿರುತ್ತದೆ.

ಇದೆಲ್ಲ ಎಣಿಸುವ ಮೊದಲು ಮೇ 14 ಸರಿಯೇ ಎಂದು ಖಚಿತ ಮಾಡಿಕೊಳ್ಳಿ. ಸಹಿ ಹಾಕಿದ ದಿನ, ಬೀಗದ ಕೈ ಪಡೆದ ದಿನ, ಬಾಡಿಗೆ ಶುರುವಾದ ದಿನ ಮೂರೂ ಬೇರೆ ಬೇರೆ ಇರಬಹುದು. ಅವಧಿ ಯಾವುದರಿಂದ ಶುರು ಎಂದು ಕರಾರು ಹೇಳುತ್ತದೋ ಅದೇ ಲೆಕ್ಕ. ನಡುವೆ ತಿದ್ದುಪಡಿ ಪತ್ರಕ್ಕೆ ಸಹಿ ಹಾಕಿದ್ದರೆ ಅದನ್ನೂ ತೆಗೆದು ಓದಿ. ಬಾಡಿಗೆ ಪರಿಷ್ಕರಿಸುವ ಪತ್ರದಲ್ಲೇ ಕೊನೆಯ ದಿನವೂ ಬದಲಾಗಿರುವುದುಂಟು.

ಪತ್ರ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಹೀಗೆ ಬರೆಯಬಹುದು:

"2023ರ ಮೇ 15ರಿಂದ ಜಾರಿಯಲ್ಲಿರುವ, ಮೇಲೆ ವಿಳಾಸ ಬರೆದ ಜಾಗದ ಬಾಡಿಗೆ ಕರಾರಿನ ಇಂಥ ಷರತ್ತಿನ ಅನ್ವಯ, ನಾವು ಈ ಕರಾರನ್ನು ನವೀಕರಿಸುವುದಿಲ್ಲ ಎಂದು ಈ ಮೂಲಕ ನೋಟಿಸ್ ಕೊಡುತ್ತಿದ್ದೇವೆ. ಕರಾರು 2026ರ ಮೇ 14ರಂದು ಕೊನೆಗೊಳ್ಳುತ್ತದೆ. ಅಂದೇ ಜಾಗ ಖಾಲಿ ಮಾಡಿ ನಿಮ್ಮ ವಶಕ್ಕೆ ಒಪ್ಪಿಸುತ್ತೇವೆ."

ಇದಕ್ಕೆ "ಬಾಡಿಗೆ ಇಳಿಸಿದರೆ ಮುಂದುವರಿಯುತ್ತೇವೆ" ಎಂಬ ಸಾಲು ಸೇರಿಸಬೇಡಿ. ಸೇರಿಸಿದರೆ ಅದು ನೋಟಿಸ್ ಆಗಿ ಉಳಿಯದೆ ಚೌಕಾಸಿಯ ಪತ್ರವಾಗುತ್ತದೆ. ಚೌಕಾಸಿ ಮಾಡುವುದಿದ್ದರೆ ಬೇರೆ ಪತ್ರದಲ್ಲಿ ಮಾಡಿ. ಕರಾರಿನಲ್ಲಿ ಬಾಡಿಗೆದಾರ ಎಂದು ಯಾರ ಹೆಸರಿದೆಯೋ ಅವರ ಹೆಸರಲ್ಲೇ ನೋಟಿಸ್ ಹೋಗಬೇಕು. ಸಂಸ್ಥೆಯ ಕರಾರಿಗೆ ನೀವು ಸ್ವಂತ ಹೆಸರಲ್ಲಿ ಬರೆದರೆ ಅದೇ ಒಂದು ತಕರಾರಾಗುತ್ತದೆ. ಸಂಸ್ಥೆಯ ಹೆಸರು, ಅದರ ಪರವಾಗಿ ನಿಮ್ಮ ಸಹಿ, ಹುದ್ದೆ, ಇಷ್ಟು ಇರಲಿ. ಜಾಗ ಮಾರಾಟವಾಗಿ ಮಾಲೀಕರು ಬದಲಾಗಿದ್ದರೆ ಹಳೆಯ ವಿಳಾಸಕ್ಕೂ ಹೊಸ ಮಾಲೀಕರಿಗೂ ಎರಡು ಪ್ರತಿ ಕಳಿಸಿ.

ಕರಾರು ಒಪ್ಪಿದರೆ ಅಂಚೆ ಮತ್ತು ಕೈಯಾರೆ ಎರಡೂ ಮಾಡಿ. ಕೈಯಾರೆ ಕೊಡುವಾಗ ನಿಮ್ಮ ಪ್ರತಿಯ ಮೇಲೆ "ಸ್ವೀಕರಿಸಿದೆ" ಎಂದು ದಿನಾಂಕ ಸಮೇತ ಸಹಿ ಹಾಕಿಸಿಕೊಳ್ಳಿ. ಅಂಚೆಯಾದರೆ ರಸೀದಿ, ತಲುಪಿದ ದಾಖಲೆ, ಸಹಿ ಮಾಡಿದ ಪತ್ರದ ಪ್ರತಿ ಒಟ್ಟಿಗಿರಲಿ. ಲಕೋಟೆ ಹೋಯಿತು ಎಂದು ರಸೀದಿ ತೋರಿಸುತ್ತದೆ, ಒಳಗೆ ಏನಿತ್ತು ಎಂದಲ್ಲ. ಹಾಗಾಗಿ ಲಕೋಟೆಗೆ ಹಾಕುವಾಗ ಪಕ್ಕದಲ್ಲಿ ಒಬ್ಬರಿದ್ದರೆ ಒಳ್ಳೆಯದು. ಬೇಡವೆಂದು ವಾಪಸ್ ಕಳಿಸಿದರೆ ಆ ಲಕೋಟೆಯನ್ನು ಬಿಚ್ಚಬೇಡಿ, ಹಾಗೇ ಇಟ್ಟುಕೊಳ್ಳಿ.

ನೋಟಿಸ್ ಕೊಟ್ಟ ಮೇಲೂ ಕೆಲಸ ಕೆಡಿಸಿಕೊಳ್ಳಬಹುದು. ಮೇ 14 ದಾಟಿ ನಾಲ್ಕು ಮೇಜು ಒಳಗೇ ಉಳಿದು, ಬೀಗದ ಕೈ ನಿಮ್ಮ ಹತ್ತಿರವೇ ಇದ್ದರೆ ಇನ್ನೂ ಜಾಗ ಬಿಟ್ಟಿಲ್ಲ ಎಂದಾಗುತ್ತದೆ. ಅವಧಿ ಮೀರಿ ಉಳಿದವರಿಗೆ ಹೆಚ್ಚು ದರದ ಬಾಡಿಗೆ ಹಾಕುವ ಷರತ್ತು ಬಹಳ ಕರಾರುಗಳಲ್ಲಿದೆ. ಮುಂದಿನ ತಿಂಗಳ ಬಾಡಿಗೆ ಬ್ಯಾಂಕಿನಿಂದ ತಾನಾಗಿ ಹೋಗುವಂತಿದ್ದರೆ ಅದನ್ನೂ ನಿಲ್ಲಿಸಿ. ನೀವು ಕೊಟ್ಟು ಅವರು ಇಟ್ಟುಕೊಂಡರೆ ಬಾಡಿಗೆ ಸಂಬಂಧ ಮುಂದುವರಿದಿದೆ ಎಂಬ ವಾದಕ್ಕೆ ಅದೇ ಆಧಾರ.

ದಿನ ಈಗಾಗಲೇ ತಪ್ಪಿದ್ದರೆ? ಆಗಲೂ ನೋಟಿಸ್ ಇವತ್ತೇ ಕಳಿಸಿ, ಅದರಲ್ಲಿ "ಈ ಅವಧಿಗೆ ಅನ್ವಯಿಸದಿದ್ದರೆ ಮುಂದಿನ ಅವಧಿಯ ಕೊನೆಗೆ" ಎಂದೂ ಬರೆಯಿರಿ. ನಿಮ್ಮ ಕರಾರಿನಲ್ಲಿ 180 ದಿನದ ಮಿತಿ ಇರುವುದರಿಂದ ಮುಂದಿನ ಸಲದ ಬಾಗಿಲು ತೆರೆದಾಗ ಮತ್ತೊಂದು ನೋಟಿಸ್ ಕೊಡಲೇಬೇಕು. ಜೊತೆಗೆ ನಿಮ್ಮ ಊರಿನ ಕಾನೂನು ಏನು ಹೇಳುತ್ತದೆ ಎಂದು ವಕೀಲರಲ್ಲಿ ಕೇಳಿ. ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ಷರತ್ತು ಇದೆ ಎಂದು ಮಾಲೀಕರೇ ಬಾಡಿಗೆದಾರರಿಗೆ ಲಿಖಿತವಾಗಿ ನೆನಪಿಸಬೇಕು. ಅದೂ ಬಾಡಿಗೆದಾರರು ನೋಟಿಸ್ ಕೊಡಬೇಕಾದ ಗಡುವಿಗೆ 15ರಿಂದ 30 ದಿನ ಮುಂಚೆ. ನೆನಪಿಸದಿದ್ದರೆ ಷರತ್ತು ಜಾರಿಗೆ ಬರುವುದಿಲ್ಲ. ಎಲ್ಲ ಕಡೆ ಇಂಥ ರಕ್ಷಣೆ ಇಲ್ಲ. ಅದು ಇಲ್ಲದ ಕಡೆ ಉಳಿಯುವುದು ಮಾತುಕತೆ: ನಿಮ್ಮ ಬದಲಿಗೆ ಇನ್ನೊಬ್ಬ ಬಾಡಿಗೆದಾರರನ್ನು ತಂದುಕೊಡುವುದು, ಇಲ್ಲವೇ ಎರಡು ಮೂರು ತಿಂಗಳ ಬಾಡಿಗೆ ಕೊಟ್ಟು ಬಿಡುಗಡೆ ಪತ್ರ ಬರೆಸಿಕೊಳ್ಳುವುದು. ಯಾವುದಕ್ಕೆ ಒಪ್ಪಿದರೂ ಇಬ್ಬರ ಸಹಿ ಬಿದ್ದ ಕಾಗದ ಕೈಗೆ ಬರುವವರೆಗೆ ಬೀಗದ ಕೈ ಕೊಡಬೇಡಿ.