ಎಷ್ಟು ಕುಡಿದರೂ ಏರಲ್ಲ ಅನ್ನುವವರಿಗೆ

"ನಮ್ಮಪ್ಪ, ತಾತ ಇಬ್ಬರೂ ಕುಡಿದು ಹಾಳಾದವರು. ನಾನೂ ಫ್ರೆಂಡ್ಸ್ ಜೊತೆ ಕುಡೀತೀನಿ, ಆದ್ರೆ ಮೊದಲಿಂದಲೂ ಎಲ್ಲರೂ ತೂರಾಡೋ ಹೊತ್ತಿಗೂ ನನಗೆ ಏನೂ ಆಗಿರಲ್ಲ. ಅಂದ್ರೆ ನನಗೆ ಚಟ ಹತ್ತಲ್ಲ ಅಲ್ವಾ?"

ಹಾಗಲ್ಲ. ನೀವು ಧೈರ್ಯ ಅಂದುಕೊಂಡಿರುವುದೇ ಭಯಪಡಬೇಕಾದ ಗುರುತು. ಇದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮಪ್ಪನೂ ಕುಡಿಯುತ್ತಿದ್ದರು. ಅಣ್ಣ ಮೊದಲ ಸಲ ಕುಡಿದದ್ದು 14ನೇ ವಯಸ್ಸಿಗೆ, ಅಪ್ಪನ ಬಾಟಲಿಯಿಂದಲೇ ಕದ್ದು. ನಾನು ಶುರು ಮಾಡಿದ್ದು 22ಕ್ಕೆ. ನನಗೆ ಎರಡನೇ ಪೆಗ್‌ಗೆ ತಲೆ ಭಾರ, ಮೂರನೆಯದಕ್ಕೆ ಎದ್ದು ಹೋಗಿ ಮಲಗಿದರೆ ಸಾಕು ಅನಿಸುತ್ತಿತ್ತು. ಅಣ್ಣ ಮಾತ್ರ ಮೊದಲ ದಿನಗಳಿಂದಲೇ ಐದು ಪೆಗ್ ಹಾಕಿ ಆರಾಮಾಗಿ ಕೂತಿರುತ್ತಿದ್ದ. ಎಲ್ಲರೂ ಅವನ ಕೆಪ್ಯಾಸಿಟಿ ಹೊಗಳುವವರೇ. 33ಕ್ಕೆ ಅವನಿಗೆ ಬೆಳಿಗ್ಗೆ ಕುಡಿಯದೆ ಶೇವ್ ಮಾಡಲು ಆಗುತ್ತಿರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು.

ಮಾರ್ಕ್ ಶುಕಿಟ್ ಅನ್ನುವ ಅಮೆರಿಕದ ಮನೋವೈದ್ಯರು ಇದನ್ನೇ ಹಿಡಿದು ನೋಡಿದವರು. ಕುಡಿತಕ್ಕೆ ದಾಸರಾದ ತಂದೆಯರ ಮಕ್ಕಳು ಒಂದು ಕಡೆ, ಅಂಥ ಹಿನ್ನೆಲೆ ಇಲ್ಲದವರು ಇನ್ನೊಂದು ಕಡೆ. ಎಲ್ಲರೂ 20ರ ಆಸುಪಾಸಿನ ಹುಡುಗರು, ಯಾರಿಗೂ ಇನ್ನೂ ಚಟ ಹತ್ತಿರಲಿಲ್ಲ. ಅಳತೆ ಮಾಡಿ ಆಲ್ಕೋಹಾಲ್ ಕೊಟ್ಟು, ಎಷ್ಟು ಅಮಲು ಅನಿಸುತ್ತಿದೆ ಅಂತ ಕೇಳಿದರು, ನಿಲ್ಲಿಸಿ ಮೈ ಎಷ್ಟು ವಾಲುತ್ತದೆ ಅಂತ ಅಳೆದರು. ಸುಮಾರು 10 ವರ್ಷ ಆದ ಮೇಲೆ ಅದೇ ಹುಡುಗರನ್ನು ಮತ್ತೆ ಹುಡುಕಿದರು. ಕುಡುಕ ತಂದೆಯರ ಮಕ್ಕಳಲ್ಲಿ, ಅಂದು ಅಮಲು ಕಡಿಮೆ ಹತ್ತಿದ್ದವರ ಪೈಕಿ 56% ಜನ ಚಟಕ್ಕೆ ಬಿದ್ದಿದ್ದರು. ಚೆನ್ನಾಗಿ ಅಮಲು ಹತ್ತಿದ್ದವರಲ್ಲಿ 14%. ತಂದೆ ಕುಡುಕ ಅನ್ನುವುದು ಇಬ್ಬರಿಗೂ ಒಂದೇ, ಆದರೂ ಇಷ್ಟು ವ್ಯತ್ಯಾಸ.

ಯಾಕೆ ಹೀಗೆ? ಕುಡಿಯುವಾಗ ಸಾಕು ಅಂತ ಹೇಳುವುದು ನಮ್ಮ ಮೈಯೇ. ತಲೆ ತಿರುಗುತ್ತದೆ, ನಾಲಿಗೆ ತೊದಲುತ್ತದೆ, ನಿದ್ದೆ ಬರುತ್ತದೆ, ನಾವು ಲೋಟ ಕೆಳಗಿಡುತ್ತೇವೆ. ನಿಮ್ಮಂಥವರಿಗೆ ಆ ಮಾತು ತಡವಾಗಿ ಕೇಳಿಸುತ್ತದೆ. ಬೇರೆಯವರಿಗೆ ಎರಡು ಪೆಗ್‌ನಲ್ಲಿ ಸಿಗುವ ಖುಷಿಗೆ ನಿಮಗೆ ನಾಲ್ಕು ಬೇಕು. ನಾಲ್ಕು ಹಾಕುವವರ ಜೊತೆಯೇ ನಿಮಗೆ ಸರಿಹೋಗುತ್ತದೆ, ಹಾಗಾಗಿ ನಿಧಾನವಾಗಿ ಗೆಳೆಯರ ಗುಂಪೂ ಬದಲಾಗುತ್ತದೆ. ಆಮೇಲೆ ಅಭ್ಯಾಸದಿಂದ ಮೈ ಇನ್ನಷ್ಟು ಒಗ್ಗಿಕೊಂಡು, ನಾಲ್ಕು ಹೋಗಿ ಆರು ಆಗುತ್ತದೆ. ಮೊದಲಿಂದಲೂ ಏರದಿರುವುದಕ್ಕೆ ನಿಮ್ಮ ಲಿವರ್ ಬೇರೆಯವರದಕ್ಕಿಂತ ಬೇಗ ಆಲ್ಕೋಹಾಲ್ ಕರಗಿಸುವುದೇ ಕಾರಣ ಅಂದುಕೊಳ್ಳಬೇಡಿ. ರಕ್ತದಲ್ಲಿ ಆಲ್ಕೋಹಾಲ್ ಅಷ್ಟೇ ಇರುತ್ತದೆ, ಗೊತ್ತಾಗುವುದು ಮಾತ್ರ ಕಡಿಮೆ. ಏರಿಲ್ಲ ಅಂತ ಗಾಡಿ ಹತ್ತುವವರು ಇದನ್ನು ದಯವಿಟ್ಟು ನೆನಪಿಡಬೇಕು.

ಇದು ಹುಟ್ಟಿನಿಂದ ಬಂದದ್ದೋ, ಕುಡಿದು ಕುಡಿದು ಒಗ್ಗಿದ್ದೋ ಅಂತ ತಿಳಿಯಲು ಒಂದು ದಾರಿ ಇದೆ. ಶುಕಿಟ್ ಅವರ ಪ್ರಶ್ನಾವಳಿಯೂ ಇದನ್ನೇ ಕೇಳುತ್ತದೆ: ನೀವು ಮೊಟ್ಟಮೊದಲು ಕುಡಿದ ಐದು ಸಲ ನೆನಪು ಮಾಡಿಕೊಳ್ಳಿ. ಏನೋ ಆಗುತ್ತಿದೆ ಅನಿಸಲು ಎಷ್ಟು ಪೆಗ್ ಬೇಕಾಯ್ತು? ನಾಲಿಗೆ ತೊದಲಲು? ಕಾಲು ತಡವರಿಸಲು? ಬೇಡದಿದ್ದರೂ ನಿದ್ದೆ ಹೋಗಲು? ಈ ಲೆಕ್ಕ ಆಗಲೇ ಜಾಸ್ತಿ ಇದ್ದರೆ ಅದು ಹುಟ್ಟುಗುಣದ ಕಡೆಗೆ ಬೆರಳು ತೋರಿಸುತ್ತದೆ. ಮೈತೂಕ ಜಾಸ್ತಿ ಇದ್ದವರಿಗೆ, ಹೊಟ್ಟೆ ತುಂಬ ಊಟ ಮಾಡಿ ಕುಡಿದವರಿಗೆ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ.

ಅಪ್ಪನನ್ನು ನೋಡಿ ಕಲಿತದ್ದಷ್ಟೇ ಅಲ್ವಾ ಅಂತ ಕೇಳುವವರಿದ್ದಾರೆ. ಡೆನ್ಮಾರ್ಕಿನಲ್ಲಿ ಹಸುಗೂಸಾಗಿದ್ದಾಗಲೇ ದತ್ತು ಹೋಗಿ ಬೇರೆ ಮನೆಯಲ್ಲಿ ಬೆಳೆದ ಗಂಡುಮಕ್ಕಳನ್ನು ನೋಡಿದ 1973ರ ಅಧ್ಯಯನ ಇದೆ. ಹೆತ್ತವರು ಕುಡುಕರಾಗಿದ್ದ ಮಕ್ಕಳಲ್ಲಿ ಚಟ ಸುಮಾರು 4 ಪಟ್ಟು ಜಾಸ್ತಿ ಕಂಡಿತು. ಆದರೂ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಚಟ ಹತ್ತಲಿಲ್ಲ, ಅದನ್ನೂ ಮರೆಯಬೇಡಿ. ಒಂದು ಕುಡುಕರ ಜೀನ್ ಅಂತ ಇಲ್ಲ, ಸಣ್ಣ ಸಣ್ಣ ಪರಿಣಾಮದ ಹಲವು ಜೀನ್‌ಗಳಿವೆ. ಅವಳಿಗಳ ಅಧ್ಯಯನಗಳ ಪ್ರಕಾರ ಸುಮಾರು ಅರ್ಧ ಭಾಗ ಜೀನ್‌ಗಳದ್ದು. ಉಳಿದದ್ದರಲ್ಲಿ ಮನೆಯ ಹೊಡೆತ ಬಡಿತ, ಬಾಲ್ಯದ ಭಯ, ಎಷ್ಟನೇ ವಯಸ್ಸಿಗೆ ಶುರು ಮಾಡಿದೆವು, ಎಲ್ಲ ಬರುತ್ತದೆ. ನಾವಿಬ್ಬರೂ ಒಂದೇ ತಂದೆಯ ಮಕ್ಕಳು. ಅಪ್ಪನ ಏಟು ಜಾಸ್ತಿ ತಿಂದವನು ಅಣ್ಣ, ಬೇಗ ಶುರು ಮಾಡಿದವನೂ ಅಣ್ಣ.

ನೀವು ಈಗ ಬಿಡಲು ಸುಲಭ ಇರುವ ಹಂತದಲ್ಲಿದ್ದೀರಿ ಅನಿಸುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಪೂರ್ತಿ ಬಿಡುತ್ತಿದ್ದೆ. ಬಿಡಲ್ಲ ಅಂದರೆ, ಎಷ್ಟು ಏರಿದೆ ಅಂತ ನೋಡಿ ನಿಲ್ಲಿಸಲು ಹೋಗಬೇಡಿ, ನಿಮ್ಮ ಮೈ ಅದನ್ನು ಹೇಳುವುದಿಲ್ಲ. ಕೂರುವ ಮೊದಲೇ ಎರಡು ಅಂತ ಎಣಿಕೆ ಇಟ್ಟುಕೊಳ್ಳಿ. ಎರಡಕ್ಕೆ ನಿಲ್ಲಿಸಲು ಮೇಲಿಂದ ಮೇಲೆ ಆಗುತ್ತಿಲ್ಲ ಅಂದರೆ ಮನೋವೈದ್ಯರ ಹತ್ತಿರ ಹೋಗಿ, ಅಪ್ಪ ತಾತನ ವಿಷಯವನ್ನೂ ಹೇಳಿ. ಮುಂದೆಂದಾದರೂ ದಿನಾ ಕುಡಿಯುವ ಹಾಗಾಗಿ ಬೆಳಿಗ್ಗೆ ಕೈ ನಡುಗುವುದು, ಬೆವರುವುದು ಶುರುವಾದರೆ ಒಬ್ಬರೇ ದಿಢೀರ್ ಅಂತ ಬಿಡಬೇಡಿ. ನಮ್ಮಣ್ಣ ಹಾಗೆ ಬಿಟ್ಟು ಎರಡನೇ ದಿನ ಫಿಟ್ಸ್ ಬಂದು ಬಿದ್ದಿದ್ದ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಬಿಡಿಸಿದ ಮೇಲೆಯೇ ಅವನು ಸುಧಾರಿಸಿದ್ದು.