ಮಿನ್-ಮ್ಯಾಕ್ಸ್ ಇಟ್ಟರೂ ಸ್ಟಾಕ್ ಖಾಲಿ ಆಗೋದು ಯಾಕೆ?

ಪ್ರಶ್ನೆ: ನಮ್ಮದು ಮಧ್ಯಮ ಗಾತ್ರದ ವಿತರಣೆ ವ್ಯವಹಾರ. ಬೇಡಿಕೆ ಒಂದೇ ಸಮ ಇರಲ್ಲ. ಸ್ಟಾಕ್ ಮಿನಿಮಮ್‌ಗೆ ಇಳಿದರೆ ಮ್ಯಾಕ್ಸಿಮಮ್‌ವರೆಗೆ ತುಂಬುವಷ್ಟು ಆರ್ಡರ್ ಹಾಕೋ ಹಾಗೆ ಮಿನಿಮಮ್-ಮ್ಯಾಕ್ಸಿಮಮ್ ಇಟ್ಟಿದ್ದೇವೆ, ಆದರೂ ಮಾಲು ಖಾಲಿಯಾಗುತ್ತೆ. ಯಾಕೆ?

ಉತ್ತರ: ಬಹುಶಃ ನಿಮ್ಮ ಮಿನಿಮಮ್ ಕಮ್ಮಿಯಾಗಿದೆ. ಸ್ಟಾಕ್ ಸರಿಯಾಗಿ ಮಿನಿಮಮ್ ಮುಟ್ಟಿದಾಗಲೇ ಆರ್ಡರ್ ಹೋಗುತ್ತೆ ಅಂತ ಲೆಕ್ಕ ಹಾಕಿರುತ್ತೀರಿ. ಏರುಪೇರಿನ ಬೇಡಿಕೆಯಲ್ಲಿ ಅದು ಮಿನಿಮಮ್ ದಾಟಿ ಕೆಳಗೆ ಧುಮುಕುತ್ತೆ.

ಒಂದು ಮಾಲು ದಿನಕ್ಕೆ ಸರಾಸರಿ 12 ಪೆಟ್ಟಿಗೆ ಹೋಗುತ್ತೆ, ಸರಕು ಬರಲು 6 ದಿನ ಬೇಕು ಅನ್ನಿ. ಅಲ್ಲಿಗೆ 72. ಮುನ್ನೆಚ್ಚರಿಕೆಗೆ 48 ಸೇರಿಸಿ ಮಿನಿಮಮ್ 120, ಮ್ಯಾಕ್ಸಿಮಮ್ 300 ಇಟ್ಟಿದ್ದೀರಿ. ಸ್ಟಾಕ್ 130 ಇದ್ದಾಗ ಒಬ್ಬರೇ ಗಿರಾಕಿ 70 ಒಯ್ದರು. ಉಳಿದದ್ದು 60. ಆರ್ಡರ್ ಮಾಡುವ ಹೊತ್ತಿಗೇ ಆ 48 ಪೂರ್ತಿ ಕರಗಿಹೋಯ್ತು, ಅಲ್ವಾ? ಮುಂದಿನ 6 ದಿನಕ್ಕೆ 60 ಸಾಲದು.

ಆಗ ಆರ್ಡರ್ 300ರಲ್ಲಿ 120 ಕಳೆದ 180 ಅಲ್ಲ, 300ಕ್ಕೆ ಮುಟ್ಟಿಸಲು 240. ಆದರೆ ಅದು ಮುಂದಿನ ಸುತ್ತಿಗೆ ಸಹಾಯ, ಈ 6 ದಿನಕ್ಕಲ್ಲ. ಅದಕ್ಕೇ ಹಳೆಯ ದಾಖಲೆ ತೆಗೆದು, ಪ್ರತಿ ಸಲ ಆರ್ಡರ್ ಹಾಕಿದಾಗ ಸ್ಟಾಕ್ ಮಿನಿಮಮ್‌ಗಿಂತ ಎಷ್ಟು ಕೆಳಗಿತ್ತು ನೋಡಿ. ಅದರ ಸರಾಸರಿ 30 ಬಂದರೆ ಮಿನಿಮಮ್ 150 ಮಾಡಿ. ಪರಿಹಾರ ಒರಟು, ಆದರೆ ಸುಮ್ನೆ ಅಂದಾಜಿಗಿಂತ ಎಷ್ಟೋ ವಾಸಿ.

ಇನ್ನೊಂದು ಮಾತು. ಮಿನಿಮಮ್ ಜೊತೆ ಹೋಲಿಸಬೇಕಾದ್ದು ಗೋದಾಮಿನ ಸ್ಟಾಕ್ ಒಂದನ್ನೇ ಅಲ್ಲ. ದಾರಿಯಲ್ಲಿರುವ ಆರ್ಡರ್ ಕೂಡಿಸಿ, ಗಿರಾಕಿಗೆ ಕೊಡಲು ಬಾಕಿ ಇರುವುದನ್ನು ಕಳೆಯಿರಿ. ಇಲ್ಲಾಂದ್ರೆ ಮರುದಿನವೂ ‘60 ಇದೆ’ ಅಂತ ಮತ್ತೆ 240 ಹಾಕಿಬಿಡ್ತೀರಿ.