ಲ್ಯಾಬ್‌ನಲ್ಲಿ ಪಾಸ್, ಸೈಟ್‌ನಲ್ಲಿ ಸೋರಿಕೆ

"ಕಸದ ಲ್ಯಾಂಡ್‌ಫಿಲ್ಲಿನ ಜೇಡಿ ಪದರದಲ್ಲಿ ನೀರು ಇಳಿಯುವ ವೇಗ ಲ್ಯಾಬ್‌ನಲ್ಲಿ 1×10⁻⁷ ಸೆಂ.ಮೀ/ಸೆ ಒಳಗಿದೆ, ಸೈಟ್‌ನಲ್ಲಿ ಹತ್ತು ಪಟ್ಟು. ಸಾಂದ್ರತೆ 95% ಬಂದಿದೆ. ಮೇಲೆ ಬಿರುಕೂ ಇದೆ."

ಬಹುಶಃ ಹೆಂಟೆಗಳೇ ಕಾರಣ. ಒಣ ಹೆಂಟೆ ರೋಲರ್‌ಗೆ ಬಗ್ಗುವುದಿಲ್ಲ. ಸಾಂದ್ರತೆ ಸರಿಯಿದ್ದರೂ ನೀರು ಹೆಂಟೆಗಳ ಸಂದಿಯಲ್ಲೇ ಇಳಿಯುತ್ತದೆ. ಲ್ಯಾಬ್‌ನಲ್ಲಿ ಮಣ್ಣನ್ನು ಪುಡಿಮಾಡಿ ಜರಡಿ ಹಿಡಿದಿರುತ್ತಾರೆ, ಅಲ್ಲಿ ಆ ಸಂದಿಗಳೇ ಇಲ್ಲ. ನೀವು ತೇವಾಂಶ ಹೇಳಿಲ್ಲ, ಹಾಗಾಗಿ ಮೊದಲು ಒಂದು ಗುಂಡಿ ತೋಡಿ ನೋಡಿ: ಹೆಂಟೆಗಳ ಅಂಚು ಬೇರೆಬೇರೆಯಾಗಿ ಕಂಡರೆ ಅದೇ ದೋಷ.

ಬಿರುಕು ಇಳಿದಷ್ಟೂ ಆಳ ಕೆದಕಿ. ರೋಟವೇಟರ್‌ನಿಂದ ಹೆಂಟೆಯನ್ನು 25 ಮಿ.ಮೀ. ಒಳಗೆ ಒಡೆದು, ಮಣ್ಣು ಅತಿ ಗಟ್ಟಿಯಾಗಿ ಕೂರುವ ಆಪ್ಟಿಮಮ್ ತೇವಾಂಶಕ್ಕಿಂತ 2–3% ಹೆಚ್ಚು ತೇವ ಬರುವಂತೆ ನೀರು ಬೆರೆಸಿ ರಾತ್ರಿಯಿಡೀ ಮುಚ್ಚಿಡಿ. ಆಮೇಲೆ 15 ಸೆಂ.ಮೀ. ಪದರಗಳಲ್ಲಿ ಶೀಪ್‌ಫುಟ್ ರೋಲರ್ ಓಡಿಸಿ. ಅದರ ಕಾಲು ಕೆಳಪದರವನ್ನೂ ಮುಟ್ಟಬೇಕು. ಬಿರುಕಿಗೆ ಮೇಲಿಂದ ನೀರು ಚಿಮುಕಿಸಿದರೆ ಬಾಯಿ ಮಾತ್ರ ಮುಚ್ಚುತ್ತದೆ. ಮುಗಿದ ಭಾಗಕ್ಕೆ ಅದೇ ಸಂಜೆ ಪ್ಲಾಸ್ಟಿಕ್ ಹಾಳೆ ಹೊದಿಸಿ.